ತವರಿಂದ ಬಂದ ಬಾಗಿಲು: ಹಳೆಯ ಪುಟದ ಸ್ಕ್ಯಾನಿನಲ್ಲಿ ಅಕ್ಷರ ತಿದ್ದಿದ ಕಥೆ

ನಮ್ಮಜ್ಜಿ ಹೇಳುತ್ತಿದ್ದ ಮದುವೆ ಹಾಡುಗಳನ್ನು ಮನೆಯವರು 1961ರಲ್ಲಿ ಒಂದು ಪುಟ್ಟ ಪುಸ್ತಕ ಮಾಡಿಸಿದ್ದರು. 32 ಪುಟ, ಮಧ್ಯೆ ಎರಡು ಪಿನ್ನು, ಊರಿನ ಟ್ರೆಡಲ್ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕಿದ್ದು. ಈಗ ಮನೆಯಲ್ಲಿ ಉಳಿದಿರುವುದು ಒಂದೇ ಪ್ರತಿ. ಮೊಮ್ಮಗಳ ಮದುವೆಗೆ ಬಂದವರಿಗೆ ಕೊಡಲು ಅದನ್ನೇ ಹೇಗಿದೆಯೋ ಹಾಗೆ ನೂರು ಪ್ರತಿ ಮಾಡಿಸಬೇಕು ಅಂತ ಸೋದರತ್ತೆಗೆ ಆಸೆ. ಹೊಸದಾಗಿ ಟೈಪ್ ಮಾಡಿಸೋದು ಬೇಡ, ಆ ಅಕ್ಷರವೇ ಇರಬೇಕು, ಆದರೆ ತಪ್ಪುಗಳು ಮಾತ್ರ ಇರಬಾರದು ಅನ್ನುವುದು ಅವರ ಷರತ್ತು.

ತಪ್ಪುಗಳ ಪಟ್ಟಿಯನ್ನು ಆಗಿನವರೇ ಕೊಟ್ಟಿದ್ದಾರೆ. ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ 'ತಪ್ಪು – ಒಪ್ಪು' ಎಂದು ಏಳು ಸಾಲು. ಅದರಲ್ಲಿ ಅತ್ತೆಗೆ ಅರವತ್ತು ವರ್ಷದಿಂದ ಚುಚ್ಚುತ್ತಿರುವುದು 17ನೇ ಪುಟದ್ದು: 'ತವರಿಂದ ಬಾಗಿನ ಬಂದೀತ' ಎಂದಿರಬೇಕಾದಲ್ಲಿ 'ತವರಿಂದ ಬಾಗಿಲ ಬಂದೀತ' ಎಂದು ಅಚ್ಚಾಗಿದೆ. "ತವರಿಂದ ಯಾರಾದ್ರೂ ಬಾಗಿಲು ಕಳಿಸ್ತಾರೇನೋ ಮಾರಾಯ?" ಅಂತ ಅತ್ತೆ.

ಒಂದು 'ಲ' ತೆಗೆದು ಒಂದು 'ನ' ಇಡಬೇಕು, ಅಷ್ಟೇ. ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಮೂರು ಸಂಜೆ ಹಿಡಿಯಿತು. ಎಲ್ಲಿ ಎಡವಿದೆ, ಏನು ಮಾಡಿದ ಮೇಲೆ ಸರಿಹೋಯಿತು ಎಂಬುದನ್ನು ಬರೆದಿಡುತ್ತಿದ್ದೇನೆ.

ಮೊದಲು ಸ್ಕ್ಯಾನ್. ಫೋನಿನ ಸ್ಕ್ಯಾನ್ ಆ್ಯಪಿನಲ್ಲಿ ತೆಗೆದ ಚಿತ್ರ ಮೊದಲ ದಿನವೇ ಕಸದ ಬುಟ್ಟಿಗೆ ಹೋಯಿತು. ಅದು ಕಾಗದವನ್ನು ತಾನೇ ಬಿಳಿ ಮಾಡಿ, ಅಕ್ಷರದ ಅಂಚಿನ ಸುತ್ತ ಜೆಪೆಗ್ಗಿನ ಚೌಕುಳಿ ಕೊಳೆ ಬಿಟ್ಟಿತ್ತು. ಆಮೇಲೆ ತುಕ್ಕು ಹಿಡಿದ ಪಿನ್ನುಗಳನ್ನು ಬಿಡಿಸಿ, ಹಾಳೆಗಳನ್ನು ಪೂರ್ತಿ ಹಾಸಿ, ಫ್ಲ್ಯಾಟ್‌ಬೆಡ್ಡಿನಲ್ಲಿ 600 ಡಿಪಿಐ, ಗ್ರೇಸ್ಕೇಲ್, ಟಿಫ್ ಕಡತವಾಗಿ ತೆಗೆದೆ. ಸ್ಕ್ಯಾನರ್ ತಂತ್ರಾಂಶದ ಶಾರ್ಪನ್, ಬಣ್ಣ ಸುಧಾರಣೆ ಎಲ್ಲವನ್ನೂ ಆಫ್ ಮಾಡಿದೆ. ಕಾಗದ ತೆಳು, ಹಿಂದಿನ ಪುಟದ ಅಕ್ಷರ ಮಂಜುಮಂಜಾಗಿ ಕಾಣುತ್ತಿತ್ತು. ಹಾಳೆಯ ಬೆನ್ನಿಗೆ ಕಪ್ಪು ಡ್ರಾಯಿಂಗ್ ಶೀಟ್ ಇಟ್ಟಾಗ ಅದು ಬಹುಪಾಲು ಮಾಯವಾಯಿತು. ಪುಟ ಸ್ವಲ್ಪ ಓರೆಯಾಗಿತ್ತು, ಅದನ್ನು ಆಗಲೇ ನೆಟ್ಟಗೆ ಮಾಡಲಿಲ್ಲ. ಚಿತ್ರವನ್ನು ಅರ್ಧ ಡಿಗ್ರಿ ತಿರುಗಿಸಿದರೂ ಪ್ರತಿ ಪಿಕ್ಸೆಲ್ಲೂ ಅಕ್ಕಪಕ್ಕದವುಗಳ ಜೊತೆ ಬೆರೆತು ಕಾಗದದ ತರಿ ಮೆತ್ತಗಾಗುತ್ತದೆ. ಆದ್ದರಿಂದ ತಿದ್ದುವುದೆಲ್ಲ ಮುಗಿದ ಮೇಲೆ ಒಂದೇ ಸಲ ತಿರುಗಿಸುವುದು.

ಈಗ ಬಾಗಿಲ ಕಥೆ. ಚಿತ್ರ ತಿದ್ದುವ ತಂತ್ರಾಂಶ ಗಿಂಪ್ ತೆರೆದು, 'ಲ'ದ ಪಕ್ಕದ ಕಾಗದದ ಬಣ್ಣವನ್ನು ಹೆಕ್ಕಿ, ಬ್ರಷ್ಷಿನಿಂದ ಅಕ್ಷರದ ಮೇಲೆ ಬಳಿದೆ. ಹತ್ತಿರ ಹಿಗ್ಗಿಸಿ ನೋಡುವಾಗ ಚೆನ್ನಾಗಿಯೇ ಇತ್ತು. ಪೂರ್ತಿ ಪುಟ ನೋಡಿದರೆ ಗಾಯಕ್ಕೆ ಹಚ್ಚಿದ ಪ್ಲಾಸ್ಟರಿನ ಹಾಗೆ ಒಂದು ನುಣುಪು ತೇಪೆ. ಅದರ ಎಡ ಅಂಚು ಸುತ್ತಲಿನ ಕಾಗದಕ್ಕಿಂತ ತಿಳಿ, ಬಲ ಅಂಚು ಗಾಢ. ಪೈಥಾನಿನಲ್ಲಿ ಓಪನ್‌ಸಿವಿಯ `cv2.inpaint` ಕೂಡ ಓಡಿಸಿ ನೋಡಿದೆ. ಅದು ಸುತ್ತಲಿನ ಬಣ್ಣವನ್ನು ಒಳಕ್ಕೆ ಎಳೆದು ತಂದದ್ದರಿಂದ ಅಂಚಿನ ವ್ಯತ್ಯಾಸ ಹೋಯಿತು, ನುಣುಪು ಮಾತ್ರ ಹಾಗೇ ಉಳಿಯಿತು.

ಎಷ್ಟು ನುಣುಪು ಎಂಬುದನ್ನು ಕಣ್ಣಳತೆಗೆ ಬಿಡದೆ ಅಳೆಯಬಹುದು. ಗಿಂಪಿನ Histogram ತೆರೆದು ಖಾಲಿ ಕಾಗದದ ಒಂದು ಚೌಕ ಆಯ್ದರೆ Mean ಮತ್ತು Std dev ಎಂಬ ಎರಡು ಅಂಕಿ ಕಾಣುತ್ತವೆ. ಮೊದಲನೆಯದು, ಸೊನ್ನೆ ಎಂದರೆ ಕಪ್ಪು, 255 ಎಂದರೆ ಬಿಳಿ ಎಂಬ ಅಳತೆಯಲ್ಲಿ, ಆ ಜಾಗ ಸರಾಸರಿ ಎಷ್ಟು ಬೆಳಕಾಗಿದೆ ಎಂದು ಹೇಳುತ್ತದೆ, ಎರಡನೆಯದು ಆ ಸರಾಸರಿಯಿಂದ ಪಿಕ್ಸೆಲ್ಲುಗಳು ಎಷ್ಟು ಏರಿಳಿಯುತ್ತವೆ ಎಂದು, ಅಂದರೆ ತರಿಯ ಅಳತೆ. ನನ್ನ ಪುಟದಲ್ಲಿ 'ಬಾಗಿಲ'ದ ಸುತ್ತ ಏರಿಳಿತ 4.6 ಇತ್ತು. ಇನ್‌ಪೇಂಟ್ ತೇಪೆಯಲ್ಲಿ ಅದು 0.9. ಕಣ್ಣಿಗೆ ಪ್ಲಾಸ್ಟರ್ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಪುಟದಲ್ಲಿ ಮೂರು ಸಂಗತಿಗಳು ಒಂದರ ಮೇಲೊಂದು ಕೂತಿವೆ ಎಂದು ಆಗ ಹೊಳೆಯಿತು. ಒಂದು, ಕಾಗದದ ಛಾಯೆ. ಅಗ್ಗದ ಕಾಗದದಲ್ಲಿ ಮರದ ತಿರುಳಿನ ಲಿಗ್ನಿನ್ ಉಳಿದಿರುತ್ತದೆ, ಗಾಳಿ ಬೆಳಕು ತಾಗಿದ ಅಂಚುಗಳು ಅದರಿಂದ ಹೆಚ್ಚು ಕಂದುತ್ತವೆ. ಹಾಗಾಗಿ ಪುಟದ ನಡುವೆ 215ರಷ್ಟಿದ್ದ ಬೆಳಕು ಹೊರ ಅಂಚಿಗೆ ಬರುವಷ್ಟರಲ್ಲಿ 190ಕ್ಕೆ ನಿಧಾನವಾಗಿ ಇಳಿದಿತ್ತು. ಎರಡು, ತರಿ: ಕಾಗದದ ನಾರು, ಜೊತೆಗೆ ಸ್ಕ್ಯಾನರಿನ ಸಂವೇದಕ ತಾನೇ ಸೇರಿಸುವ ಸಣ್ಣ ಏರುಪೇರು. ಇದು ಪಿಕ್ಸೆಲ್ ಪಿಕ್ಸೆಲ್ಲಿಗೂ ಬದಲಾಗುತ್ತದೆ, ಆದರೆ ಪುಟದ ತುಂಬ ಹೆಚ್ಚುಕಡಿಮೆ ಒಂದೇ ಸ್ವಭಾವದ್ದು. ಮೂರು, ಶಾಯಿ. ನಾನು ಬ್ರಷ್ಷಿನಿಂದ ಬಳಿದಾಗ ಮೂರನ್ನೂ ಒಟ್ಟಿಗೆ ಅಳಿಸಿ ಒಂದೇ ಬಣ್ಣ ಇಟ್ಟಿದ್ದೆ. ಶಾಯಿ ಮಾತ್ರ ಹೋಗಬೇಕಿತ್ತು.

ಹಾಗಾದರೆ ಛಾಯೆಯನ್ನು ಬೇರೆಯಾಗಿ ತೆಗೆದಿಟ್ಟುಕೊಳ್ಳೋಣ ಎಂದು ಈ ನಾಲ್ಕು ಸಾಲು ಬರೆದೆ:

```python
import cv2
g = cv2.imread("p17.tif", cv2.IMREAD_GRAYSCALE)
m = cv2.medianBlur(g, 5)
k = cv2.getStructuringElement(cv2.MORPH_ELLIPSE, (45, 45))
t = cv2.morphologyEx(m, cv2.MORPH_CLOSE, k)
t = cv2.GaussianBlur(t, (0, 0), 20)
cv2.imwrite("p17-tone.tif", t)
```

(ನಾಲ್ಕಲ್ಲ, ಏಳು ಸಾಲು. ಇರಲಿ.) ಇಲ್ಲಿ ಕೆಲಸ ಮಾಡುವುದು MORPH_CLOSE. 45 ಪಿಕ್ಸೆಲ್ ಅಗಲದ ಬಿಲ್ಲೆಗಿಂತ ಸಣಕಲಾದ ಕಪ್ಪು ಗೆರೆ ಏನಿದ್ದರೂ ಅದನ್ನು ಅಕ್ಕಪಕ್ಕದ ಬೆಳಕಿನಿಂದ ಅದು ಮುಚ್ಚಿಬಿಡುತ್ತದೆ. 600 ಡಿಪಿಐನಲ್ಲಿ 12 ಪಾಯಿಂಟ್ ಮೊಳೆಯ ಎತ್ತರ 100 ಪಿಕ್ಸೆಲ್, ಅದರ ಗೆರೆಯ ದಪ್ಪ ಹೆಚ್ಚೆಂದರೆ 14. ಆದ್ದರಿಂದ ಅಕ್ಷರಗಳೆಲ್ಲ ಮಾಯವಾಗಿ, ಬರೀ ಕಂದು ಛಾಯೆಯ ಖಾಲಿ ಹಾಳೆ ಸಿಗುತ್ತದೆ. ಮುಖಪುಟದ ದಪ್ಪ ಶೀರ್ಷಿಕೆಗೆ 45 ಸಾಲಲಿಲ್ಲ, ಅಕ್ಷರದ ದೆವ್ವ ಉಳಿದುಕೊಂಡಿತು. ಅಲ್ಲಿ 121ಕ್ಕೆ ಏರಿಸಬೇಕಾಯಿತು. ಮುಚ್ಚುವಾಗ ಅದು ತರಿಯಲ್ಲಿ ಬೆಳಕಿನ ತುದಿಯನ್ನೇ ಆರಿಸಿಕೊಳ್ಳುವುದರಿಂದ ಛಾಯೆ ನಿಜಕ್ಕಿಂತ ಒಂದೆರಡು ಅಂಕಿ ತಿಳಿಯಾಗಿ ಬರುತ್ತದೆ. ಮೊದಲು ಸಣ್ಣ ಮೀಡಿಯನ್ ಹಾಕಿದ್ದು ಅದನ್ನು ತಗ್ಗಿಸಲಿಕ್ಕೆ. ಉಳಿದ ಚೂರು ವ್ಯತ್ಯಾಸದಿಂದ ಅಳಿಸುವ ಕೆಲಸಕ್ಕೆ ತೊಂದರೆಯಿಲ್ಲ.

ಮುಂದಿನದು ಗಿಂಪಿನಲ್ಲಿ. ಮೂಲ ಚಿತ್ರ ಕೆಳಗೆ, ಛಾಯೆಯ ಚಿತ್ರ ಮೇಲೆ ಇಟ್ಟು, ಮೇಲಿನ ಪದರದ ಮೋಡನ್ನು Grain extract ಮಾಡಿದೆ. ಮೂಲದಿಂದ ಛಾಯೆಯನ್ನು ಕಳೆದು, ಉಳಿದದ್ದನ್ನು ನಡುಬೂದಿಯ ಮೇಲೆ ತೋರಿಸುವ ಮೋಡು ಇದು. ಬೂದಿ ಹಿನ್ನೆಲೆಯಲ್ಲಿ ತರಿ ಮತ್ತು ಅಕ್ಷರ ಮಾತ್ರ ಕಾಣುತ್ತವೆ, ಅಂಚಿನ ಕಂದು ಪೂರ್ತಿ ಮಾಯ. ಇದನ್ನು New from Visible ಎಂದು ಹೊಸ ಪದರ ಮಾಡಿಕೊಂಡು ಅದಕ್ಕೆ Grain merge ಮೋಡು ಕೊಟ್ಟು, ಛಾಯೆಯ ಪದರವನ್ನು Normal ಮೋಡಿಗೆ ವಾಪಸು ತಂದು ಅದರ ಮೇಲೆ ಕೂರಿಸಿದರೆ ಮತ್ತೆ ಮೂಲ ಪುಟ ಬರಬೇಕು.

ಬಂತು, ಆದರೆ ಅಕ್ಷರಗಳೆಲ್ಲ ಬೂದಿಯಾಗಿದ್ದವು! 8 ಬಿಟ್ ಚಿತ್ರದಲ್ಲಿ ಸೊನ್ನೆಗಿಂತ ಕೆಳಗೆ ಅಂಕಿಯಿಲ್ಲ. ಶಾಯಿ 45, ಛಾಯೆ 215 ಇದ್ದಲ್ಲಿ 45ರಿಂದ 215 ಕಳೆದು 128 ಕೂಡಿಸಿದರೆ ಸೊನ್ನೆಗಿಂತ 42 ಕೆಳಗೆ ಹೋಗುತ್ತದೆ, ಅದನ್ನು ಸೊನ್ನೆ ಎಂದೇ ಕತ್ತರಿಸಲಾಗುತ್ತದೆ. ವಾಪಸು ಜೋಡಿಸುವಾಗ 45 ಇದ್ದ ಶಾಯಿ 87 ಆಗಿ ಬರುತ್ತದೆ. ಖಾಲಿ ಕಾಗದದ ತರಿ ಮಾತ್ರ ನಡುಬೂದಿಯಿಂದ ಹತ್ತಿಪ್ಪತ್ತು ಅಂಕಿ ಆಚೀಚೆ ಇರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ. ಅಂದರೆ ಜೋಡಿಸಿದ ಚಿತ್ರವನ್ನು ಇಡೀ ಪುಟವಾಗಿ ಬಳಸದೆ, ಅಕ್ಷರ ಅಳಿಸಿದ ತುಂಡನ್ನಷ್ಟೇ ಮಾಸ್ಕ್ ಮೂಲಕ ಮೂಲದ ಮೇಲೆ ಕೂರಿಸಿದರೆ ಸಾಕು. ಇದರಿಂದ ಇನ್ನೊಂದು ಲಾಭವೂ ಆಯಿತು: ಪುಟದಲ್ಲಿ ನಾನು ಮುಟ್ಟಿದ್ದು ಎಲ್ಲೆಲ್ಲಿ ಎಂಬುದು ಮಾಸ್ಕಿನಲ್ಲೇ ದಾಖಲಾಗಿ ಉಳಿಯುತ್ತದೆ.

ತರಿಯ ಪದರದಲ್ಲಿ 'ಲ'ದ ಮೇಲೆ ಕ್ಲೋನ್ ಟೂಲಿನಿಂದ ಖಾಲಿ ಅಂಚಿನ ತರಿಯನ್ನು ತಂದು ಹಚ್ಚಿದೆ. ಛಾಯೆ ಬೇರೆ ಪದರದಲ್ಲಿ ಕ್ಷೇಮವಾಗಿರುವುದರಿಂದ ಪುಟದ ಯಾವ ಮೂಲೆಯಿಂದ ತಂದರೂ ಹೊಂದುತ್ತದೆ. ಅಳಿಸುವುದು ಸುಲಭವಾದದ್ದು ಇದೊಂದರಿಂದಲೇ.

ಆದರೂ ತೇಪೆಯ ಸುತ್ತ ಒಂದು ತೆಳು ಬಳೆಯಂಥ ನುಣುಪು ಕಾಣುತ್ತಲೇ ಇತ್ತು. ಅಳೆದು ನೋಡಿದರೆ ಒಳಗೆ 4.6, ಹೊರಗೆ 4.6, ಬಳೆಯಲ್ಲಿ ಮಾತ್ರ 3.3. ತಪ್ಪು ಬ್ರಷ್ಷಿನದು. ಎಲ್ಲರೂ ಕಲಿಸುವ ಹಾಗೆ ಮೆತ್ತನೆ ಅಂಚಿನ ಬ್ರಷ್ ಹಿಡಿದಿದ್ದೆ. ಮೆತ್ತನೆ ಅಂಚಿನಲ್ಲಿ ಹಳೆಯ ತರಿ ಅರ್ಧ, ಹೊಸ ತರಿ ಅರ್ಧ ಬೆರೆಯುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ತರಿಗಳನ್ನು ಸರಾಸರಿ ಮಾಡಿದರೆ ಏರಿಳಿತ ಸುಮಾರು ಶೇ. 70ಕ್ಕೆ ಇಳಿಯುತ್ತದೆ. 4.6ರ ಶೇ. 70 ಎಂದರೆ 3.2, ಲೆಕ್ಕ ಸರಿಯಾಗಿಯೇ ಇದೆ. ಬ್ರಷ್ಷಿನ Hardness 100 ಮಾಡಿ ಮತ್ತೆ ಹಚ್ಚಿದೆ, ಬಳೆ ಹೋಯಿತು. ಗಟ್ಟಿ ಅಂಚು ಎಂದರೆ ಗೆರೆ ಕಾಣುತ್ತದೆ ಎಂಬ ಹೆದರಿಕೆ ಛಾಯೆ ಬೇರೆಯಾಗಿರುವಾಗ ಬೇಕಿಲ್ಲ. ತರಿಯ ನಡುವೆ ತರಿಯ ಅಂಚು ಯಾರಿಗೂ ಕಾಣುವುದಿಲ್ಲ.

ಹಚ್ಚುವಾಗ ತುಂಡನ್ನು ತಿರುಗಿಸಲಿಲ್ಲ. ಸ್ಕ್ಯಾನರಿನ ದೀಪ ಒಂದು ಪಕ್ಕದಿಂದ ಬೀಳುತ್ತದೆ, ಆದ್ದರಿಂದ ನಾರಿನ ಉಬ್ಬುತಗ್ಗಿಗೆ ನೆರಳು ಒಂದೇ ಕಡೆ ಇರುತ್ತದೆ. ತಿರುಗಿಸಿದ ತುಂಡಿನಲ್ಲಿ ನೆರಳು ಉಲ್ಟಾ ಆಗಿ, ಯಾಕೆ ಅಂತ ಗೊತ್ತಾಗದಿದ್ದರೂ ಅಲ್ಲೇನೋ ಬೇರೆಯಾಗಿದೆ ಅನ್ನಿಸುತ್ತದೆ.

ಬಾಗಿಲು ತೆಗೆದಾಯಿತು. ಇನ್ನು ಬಾಗಿನ ತರಬೇಕು.

ಇಂದಿನ ಯೂನಿಕೋಡ್ ಫಾಂಟಿನ 'ನ'ವನ್ನು ಇಟ್ಟು, ಚೂರು ಮಸುಕು ಮಾಡಿ, ಮೇಲೆ ಕೃತಕ ತರಿ ಉದುರಿಸಿ ನೋಡಿದೆ. ಹಳ್ಳಿ ಜಾತ್ರೆಯಲ್ಲಿ ಸೂಟು ತೊಟ್ಟು ನಿಂತವನ ಹಾಗಿತ್ತು. ಮೊಳೆಯ ಅಚ್ಚಿನಲ್ಲಿ ಶಾಯಿ ಒತ್ತಡಕ್ಕೆ ಅಂಚಿಗೆ ಸರಿದು, ಗೆರೆಯ ಹೊರಮೈ ಕಡುಕಪ್ಪಾಗಿ ನಡುಭಾಗ ಚೂರು ಬಿಳಿಚಿಕೊಂಡಿರುತ್ತದೆ. ಇದನ್ನು ಫಾಂಟಿನಿಂದ ಹುಟ್ಟಿಸುತ್ತ ಕೂರುವುದಕ್ಕಿಂತ ಅದೇ ಪುಸ್ತಕದ 'ನ'ವನ್ನು ಎರವಲು ತರುವುದು ವಾಸಿ.

ಎರವಲಿಗೂ ಕನ್ನಡದಲ್ಲಿ ನಿಯಮವಿದೆ. 17ನೇ ಪುಟದಲ್ಲಿ 'ನ'ಕಾರ ಹನ್ನೊಂದು ಕಡೆ ಇತ್ತು, ಆದರೆ 'ನಿ', 'ನೆ'ಗಳಲ್ಲಿ ತಲೆಕಟ್ಟು ಹೋಗಿ ಗುಡಿಸು, ಎತ್ವ ಕೂತಿರುತ್ತದೆ, ಅವು ಬರುವುದಿಲ್ಲ. 'ನಾ'ದಲ್ಲಿ ತಲೆಕಟ್ಟಿನ ತುದಿಯೇ ದೀರ್ಘವಾಗಿ ಬಾಗಿರುತ್ತದೆ, ಅದೂ ಬೇಡ. ಶುದ್ಧ ತಲೆಕಟ್ಟಿನ 'ನ' ಉಳಿದದ್ದು ನಾಲ್ಕು. ಒಂದು ಅದೇ ಸಾಲಿನ ಮೇಲಿನ ಸಾಲಿನಲ್ಲಿತ್ತು, ಅದರ ಹೊಟ್ಟೆಯಲ್ಲೊಂದು ಶಾಯಿಯ ಚುಕ್ಕೆ. ಚುಕ್ಕೆ ಸಮೇತ ಎರಡು 'ನ' ಮೇಲೆ ಕೆಳಗೆ ಬಂದರೆ ನಕಲು ಅಂತ ತಕ್ಷಣ ಗೊತ್ತಾಗುತ್ತದೆ. ಪುಟದ ಕೆಳಭಾಗದಲ್ಲಿ, ಹೊರ ಅಂಚಿಗೆ ಹತ್ತಿರವಿದ್ದ ಒಂದನ್ನು ಆರಿಸಿದೆ.

ಅದು ಕಂದು ಭಾಗದ ಅಕ್ಷರ, ಛಾಯೆ 190. ಹೋಗಬೇಕಾದ ಜಾಗದ ಛಾಯೆ 215. ಅಳಿಸಲು ಬಳಸಿದ ಕಳೆದು ಕೂಡಿಸುವ ಉಪಾಯ ಇಲ್ಲಿ ಕೈಕೊಡುತ್ತದೆ. ಶಾಯಿ 45 ಇದ್ದರೆ ಛಾಯೆಗಿಂತ 145 ಕಡಿಮೆ. 215ರಿಂದ 145 ಕಳೆದರೆ 70, ಸುತ್ತಲಿನ ಅಕ್ಷರಗಳ ನಡುವೆ ಇದೊಂದೇ ಮಾಸಿದ ಹಾಗೆ ಕಾಣುತ್ತದೆ. ಶಾಯಿ ಕಾಗದದ ಬೆಳಕಿನಲ್ಲಿ ಇಂತಿಷ್ಟು ಅಂಕಿಯನ್ನಲ್ಲ, ಇಂತಿಷ್ಟು ಪಾಲನ್ನು ತಿನ್ನುತ್ತದೆ. ಆದ್ದರಿಂದ ಭಾಗಿಸಬೇಕು: 45ನ್ನು 190ರಿಂದ ಭಾಗಿಸಿ 215ರಿಂದ ಗುಣಿಸಿದರೆ 51. ಪಕ್ಕದ 'ಬಾಗಿ'ಯ ಶಾಯಿಯೂ ಐವತ್ತರ ಆಸುಪಾಸಿನಲ್ಲೇ ಇತ್ತು.

```python
import numpy as np
# d: ಎರವಲು 'ನ', dt: ಅದರ ಛಾಯೆ, p: ಅಳಿಸಿದ ಜಾಗ
r = d.astype("float32") / dt
r = np.clip(r / 0.93, 0, 1)
out = (r * p).round().astype("uint8")
```

0.93 ಯಾಕೆ ಅಂದರೆ, ಮೊದಲ ಸಲ ಅದಿಲ್ಲದೆ ಮಾಡಿದಾಗ 'ನ'ದ ಸುತ್ತ ಒಂದು ಚೌಕ ಸ್ವಲ್ಪ ಒರಟಾಗಿ ಕಂಡಿತು. ಎರವಲು ತುಂಡಿನಲ್ಲಿ ಅದರ ಸ್ವಂತ ತರಿ ಇದೆ, ಅಳಿಸಿದ ಜಾಗದಲ್ಲೂ ತರಿ ಇದೆ. ಎರಡೂ ಕೂಡಿ ತರಿ ಹೆಚ್ಚಾಯಿತು, ಬಳೆಯ ಸಮಸ್ಯೆಯ ತದ್ವಿರುದ್ಧ. ಹಾಗಾಗಿ ಎರವಲಿನಲ್ಲಿ ಕಾಗದ ಎನ್ನುವಂಥದ್ದೆಲ್ಲ ಸರಿಯಾಗಿ 1 ಆಗುವಂತೆ ತಳ್ಳಬೇಕು. ತರಿಯ ಏರಿಳಿತ ಛಾಯೆಯ ಶೇ. 2ರಿಂದ 2.5, ಅದರ ಮೂರು ಪಟ್ಟು ಕೆಳಗಿನವರೆಗೆ ಕತ್ತರಿಸಿದರೆ ಹೆಚ್ಚುಕಡಿಮೆ ಎಲ್ಲ ಹೋಗುತ್ತದೆ. 0.85ಕ್ಕೆ ಇಳಿಸಿದರೆ ಅಕ್ಷರದ ಮೆತ್ತನೆ ಅಂಚೂ ತಿಂದುಹೋಗಿ 'ನ' ಸಣಕಲಾಗುತ್ತದೆ, ಅದನ್ನೂ ಮಾಡಿ ನೋಡಿದ್ದೇನೆ.

'ನ'ದ ಅಗಲ 'ಲ'ಕ್ಕಿಂತ 8 ಪಿಕ್ಸೆಲ್ ಕಡಿಮೆ ಇತ್ತು. ಸಾಲಿನ ಉಳಿದ ಪದಗಳನ್ನು ಎಳೆಯಲು ಹೋಗಲಿಲ್ಲ, 'ಬಾಗಿ'ಗೆ ಸರಿಯಾದ ಅಂತರದಲ್ಲಿ ಕೂರಿಸಿ ಉಳಿದ ಸಂದನ್ನು ಪದಗಳ ನಡುವಿನ ಜಾಗಕ್ಕೆ ಬಿಟ್ಟೆ. ಮೊಳೆ ಜೋಡಿಸಿದವರೂ ಅದನ್ನೇ ಮಾಡುತ್ತಿದ್ದರು. ಎತ್ತರ ಕೂರಿಸುವಾಗ ಸಾಲಿನ ಓರೆಯನ್ನು ಲೆಕ್ಕಕ್ಕೆ ಹಿಡಿದು, ಅಕ್ಕಪಕ್ಕದ ಅಕ್ಷರಗಳ ತಳಕ್ಕೆ ಒಂದು ಗೈಡ್ ಗೆರೆ ಎಳೆದು ಒಂದು ಪಿಕ್ಸೆಲ್ ಕೆಳಗೆ ಇಟ್ಟೆ. ಅಲ್ಲಿನ ಮೊಳೆಗಳು ಯಾವುದೂ ಪೂರ್ತಿ ಒಂದೇ ಮಟ್ಟದಲ್ಲಿಲ್ಲ, ಪೂರ್ತಿ ಸರಿ ಕೂರಿಸಿದ್ದೇ ಎದ್ದು ಕಾಣುತ್ತಿತ್ತು.

ಎರಡನೇ ತಪ್ಪು 22ನೇ ಪುಟದ್ದು, 'ಅಕ್ಕ' ಎಂಬಲ್ಲಿ ಒತ್ತಕ್ಷರ ಬಿದ್ದುಹೋಗಿ 'ಅಕ' ಆಗಿತ್ತು. ಇಲ್ಲಿ ಅಳಿಸುವುದೇನೂ ಇಲ್ಲ, ಕೆಳಗೆ ಒಂದು ಕ-ಒತ್ತು ಸೇರಿಸಿದರಾಯಿತು. ಆ ಪುಟದಲ್ಲಿ ಕ-ಒತ್ತು ಬೇರೆಲ್ಲೂ ಇರಲಿಲ್ಲ, 9ನೇ ಪುಟದಿಂದ ತಂದೆ. ಆ ಪುಟಕ್ಕೆ ಶಾಯಿ ಜಾಸ್ತಿ ಬಿದ್ದಿತ್ತು: ಅಲ್ಲಿ ಶಾಯಿ ತಿಂದು ಉಳಿದ ಬೆಳಕಿನ ಪಾಲು 0.18, 22ನೇ ಪುಟದಲ್ಲಿ 0.27. ಪಾಲಿನ ಚಿತ್ರಕ್ಕೆ ಪವರ್ ಹಾಕಿ ಸರಿಮಾಡಿದೆ, `r ** 0.76`. ಹೀಗೆ ಮಾಡಿದಾಗ 1 ಇದ್ದದ್ದು 1 ಆಗಿಯೇ ಉಳಿಯುತ್ತದೆ, ಕಪ್ಪು ಮಾತ್ರ ತಿಳಿಯಾಗುತ್ತದೆ. ಕೆಳಗಿನ ಸಾಲಿನ ಗುಡಿಸೊಂದು ಒತ್ತಿನ ಬಾಲಕ್ಕೆ ತಾಗುವಷ್ಟು ಹತ್ತಿರವಿತ್ತು. ಗುಣಾಕಾರದಲ್ಲಿ ಎರಡು ಶಾಯಿ ಮೇಲೆಮೇಲೆ ಬಿದ್ದರೆ ಆ ಜಾಗ ಅಚ್ಚಿನಲ್ಲಿ ಎಂದೂ ಬರದಷ್ಟು ಕಪ್ಪಾಗುತ್ತದೆ, ಆದ್ದರಿಂದ ಮೂರು ಪಿಕ್ಸೆಲ್ ಮೇಲೆ ಸರಿಸಿದೆ.

ಏಳನೆಯದೊಂದನ್ನು ಬಿಟ್ಟರೆ ಉಳಿದ ನಾಲ್ಕು ತಪ್ಪುಗಳೂ ಇದೇ ಜಾತಿಯವು, ಒಂದೊಂದಕ್ಕೆ ಕಾಲುಗಂಟೆ.

ಸರಿಯಾಗಿದೆಯೇ ಎಂದು ನೋಡಲು ಮೂರು ಪರೀಕ್ಷೆ ಮಾಡಿದೆ. ಮೊದಲನೆಯದು ಮೇಲೆ ಹೇಳಿದ ಎರಡು ಅಂಕಿ. ಎರಡನೆಯದು Levels ತೆರೆದು 180ರಿಂದ 230ರ ನಡುವಿನದನ್ನು ಮಾತ್ರ ಕಪ್ಪುಬಿಳುಪಿನ ಪೂರ್ತಿ ಅಗಲಕ್ಕೆ ಹಿಗ್ಗಿಸುವುದು. ಕಾಗದದ ಪ್ರತಿ ಕಲೆಯೂ ಬೊಬ್ಬೆ ಹೊಡೆಯುತ್ತದೆ, ತೇಪೆ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. 22ನೇ ಪುಟದಲ್ಲಿ ಸಿಕ್ಕಿಬಿತ್ತು ಕೂಡ, ಕ್ಲೋನ್ ಮಾಡುವಾಗ ಒಂದೇ ನಾರಿನ ಎಳೆಯನ್ನು ಎರಡು ಸಲ ಹಚ್ಚಿಬಿಟ್ಟಿದ್ದೆ. ಮೂರನೆಯದು ಪುಟವನ್ನು ತಲೆಕೆಳಗು ಮಾಡಿ ನೋಡುವುದು. ನೆಟ್ಟಗಿದ್ದಾಗ ಕಣ್ಣು ಓದಲು ಹೊರಡುತ್ತದೆ, ತಲೆಕೆಳಗಾದಾಗ ಆಕಾರ ಮಾತ್ರ ನೋಡುತ್ತದೆ. ಆಮೇಲೆ ಲೇಸರಿನಲ್ಲಿ ಒಂದು ಪುಟ ಅಚ್ಚು ತೆಗೆದೆ. ಪ್ರಿಂಟರಿನ ಚುಕ್ಕಿಗಳು ಸಣ್ಣ ತರಿಯನ್ನು ನುಂಗಿಬಿಡುತ್ತವೆ, ಛಾಯೆಯ ಎರಡು ಮೂರು ಅಂಕಿಯ ವ್ಯತ್ಯಾಸವನ್ನು ಮಾತ್ರ ನುಂಗುವುದಿಲ್ಲ. ಕಾಗದಕ್ಕೆ ಹೋಗುವುದಾದರೆ ಮೊದಲು ಛಾಯೆ ನೋಡಿಕೊಳ್ಳಬೇಕು, ತರಿ ಆಮೇಲೆ.

ಈ ಕೆಲಸ ನೋಡಿದ ಪರಿಚಯದವರೊಬ್ಬರು ಹಳೆಯ ದಾಖಲೆಯೊಂದರಲ್ಲಿ ಒಂದು ಇಸವಿ ಬದಲಿಸಿಕೊಡ್ತೀಯಾ ಅಂತ ಕೇಳಿದರು. ಆಗುವುದಿಲ್ಲ ಎಂದೆ. ನಮ್ಮ ಪುಸ್ತಕದಲ್ಲೂ ಮೂಲ ಟಿಫ್‌ಗಳು ಮುಟ್ಟದೆ ಬೇರೆ ಕಡತಕೋಶದಲ್ಲಿವೆ, ಒಳರಕ್ಷಾಪುಟದಲ್ಲಿ 'ತಪ್ಪು–ಒಪ್ಪು ಚೀಟಿಯಂತೆ ಆರು ಕಡೆ ಅಕ್ಷರ ತಿದ್ದಿದೆ' ಎಂದು ಪುಟಸಂಖ್ಯೆ ಸಮೇತ ಹಾಕಿದ್ದೇವೆ.

ಏಳನೆಯದು ಉಳಿಯಿತು. 28ನೇ ಪುಟದಲ್ಲಿ ಒಂದು ಇಡೀ ಸಾಲೇ ಬಿಟ್ಟುಹೋಗಿದೆ. ಅಕ್ಷರ ಅಕ್ಷರ ಎರವಲು ತಂದು ಸಾಲು ಕಟ್ಟಬಹುದು, ಆದರೆ ಕೂರಿಸಲು ಜಾಗವಿಲ್ಲ. ಕೆಳಗಿನ ಹನ್ನೆರಡು ಸಾಲನ್ನು ತಳ್ಳಬೇಕು, ಆಗ ಅಂಚಿನ ತುಕ್ಕಿನ ಕಲೆ ಅರ್ಧ ಸಾಲಿನ ಮೇಲೆ ಅರ್ಧ ಖಾಲಿಯಲ್ಲಿ ಬಂದು ನಿಲ್ಲುತ್ತದೆ. ಅತ್ತೆಯನ್ನು ಕೇಳಿದೆ. "ಆ ಸಾಲು ಎಲ್ಲರಿಗೂ ಬಾಯಿಗೆ ಬರತ್ತೆ, ಬಿಡು" ಅಂದರು. ಚೀಟಿಯನ್ನೂ ಸ್ಕ್ಯಾನ್ ಮಾಡಿ, ಕೊನೆಯ ಪುಟಕ್ಕೆ ಇದ್ದ ಹಾಗೆಯೇ, ಓರೆಯಾಗಿ ಅಂಟಿಸಿದ್ದು ಓರೆಯಾಗಿಯೇ ಇಟ್ಟು, ನೂರು ಪ್ರತಿಗೆ ಕಳಿಸಿದೆ.